ಕೆರೆ ಸುತ್ತಲಿನ ಕೆಂಪು ಮನೆಗಳ ಮ್ಯಾಪ್: ಒಂದು ಸ್ಪಷ್ಟನೆ

"ಬೆಂಗಳೂರಿನ ಈ ಮ್ಯಾಪ್‌ನಲ್ಲಿ ಕೆರೆಯಿಂದ 75 ಮೀಟರ್ ಒಳಗೆ ಕೆಂಪಾಗಿ ಕಾಣೋ ಮನೆಗಳೆಲ್ಲ ಬಫರ್ ವಲಯದಲ್ಲಿವೆ, ಒಡೀತಾರಂತೆ. ನಿಜಾನಾ?"

ಇಲ್ಲ. ಬಫರ್ ಅಂದರೆ ಕೆರೆ ಸುತ್ತ ಕಟ್ಟಡ ಕಟ್ಟಬಾರದ ಪಟ್ಟಿ; ಅದಕ್ಕೆ 75 ಮೀಟರ್ ಅನ್ನೋದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿದ ಅಳತೆ. ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ರದ್ದು ಮಾಡಿತು. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್‌ನಲ್ಲಿ ಕೆರೆಗೆ ಇರುವುದು 30 ಮೀಟರ್.

ವ್ಯತ್ಯಾಸ ಸಣ್ಣದಲ್ಲ. 300 ಮೀಟರ್ ತ್ರಿಜ್ಯದ ದುಂಡು ಕೆರೆ ಅಂದುಕೊಳ್ಳಿ. 30 ಮೀಟರ್ ಪಟ್ಟಿ ಸುಮಾರು 15 ಎಕರೆ, 75 ಮೀಟರ್ ಪಟ್ಟಿ ಸುಮಾರು 39 ಎಕರೆ. ಮನೆಗಳ ಲೆಕ್ಕವೂ ಹಾಗೇ ಉಬ್ಬುತ್ತದೆ.

ಮ್ಯಾಪ್ ಸರಿಯಾಗಿ ಮಾಡುವುದಾದರೂ ಗೆರೆ ಎಲ್ಲಿಂದ ಎಳೆದರು ಅನ್ನೋದೇ ಮುಖ್ಯ. ಉಪಗ್ರಹ ಚಿತ್ರದಲ್ಲಿ ಕಾಣುವುದು ಆ ದಿನದ ನೀರಿನ ಅಂಚು. ಬೇಸಿಗೆಯಲ್ಲಿ ಅದು ಒಳಗೆ ಸರಿಯುತ್ತದೆ, ಆಗ ಪಟ್ಟಿ ಕೆರೆಯಂಗಳದಲ್ಲೇ ಬಿದ್ದು ನಿಜವಾಗಿ ಹತ್ತಿರ ಇರುವ ಮನೆಗಳು ತಪ್ಪಿಹೋಗುತ್ತವೆ. ಹಾಗಾಗಿ ಸರ್ವೆ ನಕ್ಷೆಯ ಕೆರೆ ಗಡಿಯಿಂದಲೇ ಅಳೆಯಬೇಕು. ಮ್ಯಾಪ್ ಮಾಡುವ ತಂತ್ರಾಂಶ QGISನಲ್ಲಿ ಪದರವನ್ನು ಮೊದಲು ಮೀಟರ್‌ನಲ್ಲಿ ಅಳೆಯುವ EPSG:32643ಕ್ಕೆ ಬದಲಿಸಿ. ಡಿಗ್ರಿಯಲ್ಲಿ ಅಳೆಯುವ EPSG:4326ರಲ್ಲೇ ಬಿಟ್ಟು ಬಫರ್‌ಗೆ 30 ಅಂತ ಕೊಟ್ಟರೆ ಅದು 30 ಡಿಗ್ರಿ, ಬೆಂಗಳೂರೇನು, ದೇಶವೇ ಒಳಗೆ ಬಂದುಬಿಡುತ್ತದೆ!

ಎಣಿಸುವಾಗ ಇನ್ನೊಂದು: `intersects` ಅಂದರೆ ಮೂಲೆ ತಾಗಿದ ಮನೆಯೂ ಸೇರುತ್ತದೆ, `within` ಅಂದರೆ ಪೂರ್ತಿ ಒಳಗಿರುವುದು ಮಾತ್ರ. ಯಾವುದನ್ನು ಬಳಸಿದರು ಅಂತ ಮ್ಯಾಪ್‌ನಲ್ಲಿ ಬರೆದಿಲ್ಲದಿದ್ದರೆ ಆ ಸಂಖ್ಯೆಯನ್ನು ಸುಮ್ನೆ ಹಂಚಬೇಡಿ.