ಲೆಗೊ ಇಟ್ಟಿಗೆಯನ್ನೇ ನೋಡಿ

"ಪೇಟೆಂಟ್ ಮುಗಿದ ಮೇಲೆ ಅದೇ ವಸ್ತುವಿಗೆ ಟ್ರೇಡ್‌ಮಾರ್ಕ್ ಮಾಡಿಸಿಕೊಂಡ್ರೆ ಆಯ್ತಲ್ವಾ, ಅದಕ್ಕೆ ಕೊನೆಯೇ ಇಲ್ವಲ್ಲ?"

ಮಕ್ಕಳು ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆ ಮಾಡುವ ಲೆಗೊ ಕಂಪನಿ ಇದನ್ನೇ ಮಾಡಲು ಹೋಗಿತ್ತು. ಮೇಲೆ ಸಣ್ಣ ಗುಬುಟು, ಒಳಗೆ ಕೊಳವೆ, ಎರಡು ಇಟ್ಟಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುವ ಆ ಉಪಾಯಕ್ಕೆ 1958ರಲ್ಲಿ ಡೆನ್ಮಾರ್ಕ್‌ನಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಪೇಟೆಂಟ್‌ಗೆ ಆಯಸ್ಸು ಕಡಿಮೆ. ಈಗ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ, ಅಷ್ಟೇ. ಅದು ಮುಗಿದ ಮೇಲೆ ಬೇರೆಯವರೂ ಅಂಥದೇ ಇಟ್ಟಿಗೆ ಮಾಡಿ ಮಾರತೊಡಗಿದರು. ಆಗ ಲೆಗೊದವರು ಇಟ್ಟಿಗೆಯ ಆಕಾರವೇ ನಮ್ಮ ಗುರುತು, ಅದು ನಮ್ಮ ಟ್ರೇಡ್‌ಮಾರ್ಕ್ ಅಂತ ವಾದಿಸಿದರು. 2005ರಲ್ಲಿ ಕೆನಡಾ ಸುಪ್ರೀಂ ಕೋರ್ಟ್, 2010ರಲ್ಲಿ ಯುರೋಪಿನ ಉನ್ನತ ಕೋರ್ಟ್, ಎರಡೂ ಒಪ್ಪಲಿಲ್ಲ. ಗುಬುಟು ಇರುವುದು ಕಚ್ಚಿಕೊಳ್ಳೋದಕ್ಕೆ, ಅಂದರೆ ಅದು ಕೆಲಸ ಮಾಡುವ ಭಾಗ. ಅದನ್ನು ಟ್ರೇಡ್‌ಮಾರ್ಕ್ ಹೆಸರಲ್ಲಿ ಹಿಡಿದಿಟ್ಟುಕೊಂಡರೆ ಮುಗಿದ ಪೇಟೆಂಟ್‌ಗೆ ಮತ್ತೆ ಜೀವ ಕೊಟ್ಟ ಹಾಗೆ. ನನಗಂತೂ ಈ ತೀರ್ಪು ಸರಿ ಅನ್ನಿಸುತ್ತದೆ.

ಆದರೆ 'ಲೆಗೊ' ಅನ್ನೋ ಹೆಸರು ಇವತ್ತಿಗೂ ಅವರದ್ದೇ. ಟ್ರೇಡ್‌ಮಾರ್ಕ್ ಅನ್ನು ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ ನವೀಕರಿಸಬೇಕು, ಬಳಸುತ್ತಲೂ ಇರಬೇಕು. ಹಾಗೆ ಮಾಡುವವರೆಗೆ ಅದು ನಿಜಕ್ಕೂ ಮುಗಿಯಲ್ಲ. ಅವರ ಪುಟ್ಟ ಬೊಂಬೆಯ ಆಕಾರಕ್ಕೂ ಯುರೋಪಿನಲ್ಲಿ ಟ್ರೇಡ್‌ಮಾರ್ಕ್ ಉಳಿಯಿತು, 2015ರಲ್ಲಿ. ಆ ಬೊಂಬೆಯ ರೂಪ ಬರೀ ಕೆಲಸಕ್ಕಾಗಿ ಬಂದದ್ದಲ್ಲ ನೋಡಿ.

ಇನ್ನು ಡಬ್ಬದೊಳಗೆ ಬರುವ ಜೋಡಣೆ ಪುಸ್ತಕದ ಚಿತ್ರಗಳಿಗೆ ಕಾಪಿರೈಟ್ ಇರುತ್ತದೆ. ಅದಕ್ಕೆ ಅರ್ಜಿ ಬೇಕಿಲ್ಲ, ಬಿಡಿಸಿದ ಕೂಡಲೇ ಬರುತ್ತದೆ. ಹಲವು ದೇಶಗಳಲ್ಲಿ ಚಿತ್ರ ಬಿಡಿಸಿದವರು ತೀರಿಕೊಂಡ ಮೇಲೂ 70 ವರ್ಷ ಇರುತ್ತದೆ. ಆದರೆ ಅದು ಕಾಯುವುದು ಚಿತ್ರವನ್ನು ಮಾತ್ರ, ಇಟ್ಟಿಗೆ ಕಚ್ಚಿಕೊಳ್ಳುವ ಉಪಾಯವನ್ನಲ್ಲ.