ಒಂದು ಬ್ಲಾಕಿಗೆ ಫ್ರೀ ಆಗಿ ಹಾಕಿ ತೋರಿಸಪ್ಪಾ

ನಮ್ಮ ಬೆಂಗಳೂರಿನಲ್ಲಿ ಯಾವ ಕೆಲಸಕ್ಕಾದರೂ ಹೊಣೆ ಬೇಡ ಅನ್ನಿಸಿದರೆ ಅದರ ಹಿಂದೆ ‘ಪ್ರಾಯೋಗಿಕ’ ಅಂತ ಸೇರಿಸಿದರೆ ಸಾಕು. ಟೇಪು ಕತ್ತರಿಸಬಹುದು, ಫೋಟೊ ಹೊಡೆಸಿಕೊಳ್ಳಬಹುದು. ಆಮೇಲೆ ಏನಾಯ್ತು ಅಂತ ಯಾರಾದರೂ ಕೇಳಿದರೆ ‘ಅದು ಪ್ರಾಯೋಗಿಕ ಅಲ್ವಾ’ ಅಂತ ಕೈ ತೊಳೆದುಕೊಳ್ಳಬಹುದು. 2019ರ ಅಕ್ಟೋಬರಿನಲ್ಲಿ ಔಟರ್ ರಿಂಗ್ ರೋಡಿನಲ್ಲಿ ಬಸ್ಸಿಗೇ ಅಂತ ಒಂದು ಪಥ ಮಾಡಿದ್ದು ನೆನಪಿದೆಯಾ? ಸಾಲಾಗಿ ಕಂಬ ನೆಟ್ಟರು. ಕಂಬಗಳಿಗೆ ಕಾರು ಗುದ್ದಿದವು. ಮೆಟ್ರೊ ಕಾಮಗಾರಿ ಬಂತು, ಪಥ ಹೋಯ್ತು. ಪಾಸೋ ಫೇಲೋ? ಅಷ್ಟು ದೊಡ್ಡ ಪ್ರಶ್ನೆ ನನ್ನ ಕೇಳಬೇಡಿ, ನಾನು ಬರೀ ಟ್ರಾಫಿಕ್‌ನಲ್ಲಿ ಕೂತವನು.

ಸರ್ಕಾರವನ್ನು ಬಯ್ಯೋದು ಸುಲಭ. ನಮ್ಮ ಅಪಾರ್ಟ್‌ಮೆಂಟ್ ಕಮಿಟಿ ಏನು ಕಡಿಮೆ?

ನೀರಿಗೆ ಪರದಾಡಿದ 2024ರ ಬೇಸಿಗೆ ಯಾರೂ ಮರೆತಿರಲಿಕ್ಕಿಲ್ಲ. ನೀರು ಕಡಿಮೆ ಹರಿಯಲಿ ಅಂತ ಅಪಾರ್ಟ್‌ಮೆಂಟುಗಳಲ್ಲಿ ನಲ್ಲಿಗೆ ಏರೇಟರ್ ಹಾಕುವುದನ್ನು ಜಲಮಂಡಳಿ ಕಡ್ಡಾಯ ಮಾಡಿತ್ತು. ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ದರ ಕಟ್ಟಿತ್ತು. ಆ ದರಕ್ಕೆ ಟ್ಯಾಂಕರ್ ಸಿಕ್ಕ ಪುಣ್ಯಾತ್ಮರಿಗೆ ನಮಸ್ಕಾರ. ಆಗಲೇ ನೀರಿನ ಮೀಟರ್ ಮಾರುವ ಹುಡುಗನೊಬ್ಬ ನಮ್ಮ ಕಮಿಟಿ ಮುಂದೆ ಬಂದು ಕೂತ. ಪ್ರತಿ ಮನೆಗೂ ಮೀಟರ್, ಮೊಬೈಲಿನಲ್ಲಿ ಲೆಕ್ಕ. ಕಮಿಟಿಯವರು ಕಾಫಿ ಕೊಟ್ಟರು. ಮಹಾ ಔದಾರ್ಯದಿಂದ ಹೇಳಿದರು: “ಒಂದು ಬ್ಲಾಕಿಗೆ ಫ್ರೀ ಆಗಿ ಹಾಕಿ ತೋರಿಸಪ್ಪಾ. ಚೆನ್ನಾಗಿದ್ರೆ ಎಲ್ಲಾ ಬ್ಲಾಕಿಗೂ ಹಾಕಿಸೋಣ.”

ಚೆನ್ನಾಗಿದ್ರೆ. ಎಂಥಾ ಅಳತೆಗೋಲು! ಹುಡುಗ ತಲೆಯಾಡಿಸಿದ. ಆರು ವಾರ ಸಾಕು ಸರ್ ಅಂದ, ನೀರು ಶೇಕಡಾ 12 ಉಳಿಸಿದರೆ ಪಾಸು ಅಂತ ಒಂದು ಮೇಲ್ ಹಾಕಿದ. ಕಾರ್ಯದರ್ಶಿಗಳು ಅದಕ್ಕೆ ಹೆಬ್ಬೆಟ್ಟಿನ ಚಿತ್ರ ಕಳಿಸಿದರು. ಒಪ್ಪಂದ ಅಂದರೆ ಅಷ್ಟೇ.

ಬ್ಲಾಕಿನಲ್ಲಿ 40 ಮನೆ. ಅಂದರೆ 40 ಮೀಟರ್ ಅಂತ ನೀವು ಅಂದುಕೊಂಡರೆ ನೀವು ಬೆಂಗಳೂರಿನ ಬಿಲ್ಡರನ್ನು ನೋಡಿಲ್ಲ. ನಮ್ಮಲ್ಲಿ ಒಂದು ಮನೆಗೆ ಒಂದೇ ಪೈಪಿನಲ್ಲಿ ನೀರು ಬರುವುದಿಲ್ಲ. ಅಡುಗೆಮನೆಗೆ ಒಂದು, ಬಟ್ಟೆ ಒಗೆಯುವ ಕಡೆಗೆ ಒಂದು, ಎರಡು ಬಾತ್‌ರೂಮಿಗೆ ಎರಡು, ಎಲ್ಲವೂ ಬೇರೆ ಬೇರೆ ಡಕ್ಟಿನಿಂದ ಇಳಿದು ಬರುತ್ತವೆ. ಹಾಗಾಗಿ ಮನೆಗೆ ನಾಲ್ಕು ಮೀಟರ್, ಬ್ಲಾಕಿಗೆ 160. ಮೀಟರಿಗೆ 3,000 ರೂಪಾಯಿ ಲೆಕ್ಕದಲ್ಲಿ 4 ಲಕ್ಷ 80 ಸಾವಿರದ ಮಾಲು ಪುಕ್ಕಟೆ ಡಕ್ಟಿನೊಳಗೆ ಕೂತಿತು. ಒಬ್ಬ ಮನುಷ್ಯ ಅಡ್ಡಡ್ಡ ಮಾತ್ರ ನಿಲ್ಲಬಹುದಾದ ಆ ಡಕ್ಟಿನಲ್ಲಿ ಪಾರಿವಾಳದ ಹಿಕ್ಕೆ ಮಧ್ಯೆ ಪೈಪ್ ಕುಯ್ದ ಪ್ಲಂಬರಿನ ಕೂಲಿ ಬೇರೆ. ಅವನಿಗೆ ಕಾಫಿಯೂ ಸಿಗಲಿಲ್ಲ.

ಹುಡುಗ ಒಂದು ಕೆಲಸ ಸರಿಯಾಗಿ ಮಾಡಿದ. ಮೊದಲ ಎರಡು ವಾರ ಯಾರಿಗೂ ಲೆಕ್ಕ ತೋರಿಸಲಿಲ್ಲ, ಸುಮ್ನೆ ಅಳೆದ. ಮನೆಗೆ ದಿನಕ್ಕೆ ಸರಾಸರಿ 520 ಲೀಟರ್. ಆಮೇಲೆ ಆ್ಯಪ್ ತೆರೆದ. ನಾಲ್ಕು ವಾರದ ಸರಾಸರಿ 416ಕ್ಕೆ ಇಳಿಯಿತು. ಶೇಕಡಾ 20! ಅವನ ಮುಖ ನೋಡಬೇಕಿತ್ತು.

ಆಗ ರಿಟೈರ್ಡ್ ಎಂಜಿನಿಯರ್ ಅಂಕಲ್ ಒಬ್ಬರು ಗಂಟಲು ಸರಿಮಾಡಿಕೊಂಡರು. “ಮಗು, ಈ ನಾಲ್ಕು ವಾರ ಯಾವುದು? ಸ್ಕೂಲಿಗೆ ರಜ. ಅರ್ಧ ಜನ ಊರಿಗೆ ಹೋಗಿದ್ರು. ಬೀಗ ಹಾಕಿದ ಮನೆ ನೀರು ಉಳಿಸದೆ ಇನ್ನೇನು ಮಾಡತ್ತೆ?” ಪಕ್ಕದ ಬ್ಲಾಕಿನಲ್ಲಿ ಮನೆಮನೆಗೆ ಮೀಟರ್ ಇರಲಿಲ್ಲ, ಟ್ಯಾಂಕಿನ ಬಾಯಿಗೆ ಒಂದು ದೊಡ್ಡದು ಇತ್ತು. ಅಲ್ಲಿನ ಲೆಕ್ಕ ತೆಗೆಸಿದರು. ಏನೂ ಮಾಡದೆ ಅಲ್ಲೂ ಶೇಕಡಾ 5 ಇಳಿದಿತ್ತು. ಅಲ್ಲಿಗೆ ಹುಡುಗನ ಪಾಲಿಗೆ ಉಳಿದದ್ದು 15. ಆದರೂ 12 ದಾಟಿದ್ದ. ಪಾಸು.

ಪಾಸಾದರೆ ಮುಂದೇನು? ಅಲ್ಲೇ ನೋಡಿ ನಮ್ಮ ಕಮಿಟಿಯ ಪ್ರತಿಭೆ. ಆರು ವಾರ ಬಾಯಿ ಬಿಡದ ಖಜಾಂಚಿಗಳು ಆವತ್ತು ಕ್ಯಾಲ್ಕುಲೇಟರ್ ತೆಗೆದರು. 520ರಲ್ಲಿ ಶೇಕಡಾ 15 ಅಂದರೆ ಮನೆಗೆ 78 ಲೀಟರ್ ಉಳಿದರೆ, ಎಲ್ಲಾ ಬ್ಲಾಕಿನ 240 ಮನೆಗೆ ದಿನಕ್ಕೆ 18,720 ಲೀಟರ್. ಒಂದೂವರೆ ಟ್ಯಾಂಕರ್ ಚಿಲ್ಲರೆ. ಸರ್ಕಾರಿ ದರದಲ್ಲಿ ತಿಂಗಳಿಗೆ 47,000 ರೂಪಾಯಿ ಹತ್ತಿರ. ಎಲ್ಲಾ ಮನೆಗೂ ಮೀಟರ್ ಹಾಕಲು 28 ಲಕ್ಷ 80 ಸಾವಿರ. ಹಾಕಿದ ದುಡ್ಡು ವಾಪಸ್ ಬರಲು ಐದು ವರ್ಷ. ಅದೂ ವರ್ಷಪೂರ್ತಿ ಟ್ಯಾಂಕರ್ ತರಿಸಿದರೆ. ಮಳೆ ಬಂದು ಬೋರು ತುಂಬಿದ ತಿಂಗಳಲ್ಲಿ ಉಳಿಯುವುದು ನೀರು, ದುಡ್ಡಲ್ಲ. “ಐದು ವರ್ಷ ಜಾಸ್ತಿ ಆಯ್ತಪ್ಪ.”

ಲೆಕ್ಕ ತಪ್ಪಿಲ್ಲ. ನನಗೂ ಜಾಸ್ತಿಯೇ ಅನ್ನಿಸಿತು. ಆದರೆ ಸ್ವಾಮಿ, ಮನೆಗೆ ಎಷ್ಟು ಪೈಪು ಅಂತ ಮೊದಲ ದಿನವೇ ಗೊತ್ತಿತ್ತು. ಮೀಟರಿನ ಬೆಲೆ ಗೊತ್ತಿತ್ತು. ಟ್ಯಾಂಕರಿನ ಬೆಲೆ ನಿಮ್ಮ ಬಾಯಲ್ಲೇ ದಿನಾ ಇತ್ತು. ಶೇಕಡಾ 12 ಉಳಿದರೆ ಐದು ವರ್ಷಕ್ಕಿಂತ ಜಾಸ್ತಿ ಆಗುತ್ತೆ ಅಂತ ಆ ಕಾಫಿ ಆರುವ ಮೊದಲೇ ಹೇಳಬಹುದಿತ್ತು. ಒಂದು ಪೈಪನ್ನೂ ಕುಯ್ಯಬೇಕಿರಲಿಲ್ಲ. ಹುಡುಗ ಲೀಟರಿನಲ್ಲಿ ಪರೀಕ್ಷೆ ಬರೆದ, ನೀವು ರೂಪಾಯಿಯಲ್ಲಿ ಮಾರ್ಕ್ಸ್ ಕೊಟ್ಟಿರಿ.

ಇಷ್ಟಾದ ಮೇಲೆ ‘ಬೇಡ’ ಅಂತಾದರೂ ಅಂದರಾ? ಇಲ್ಲ. “ಇನ್ನೊಂದು ತಿಂಗಳು ನೋಡೋಣ” ಅಂದರು. ಅಷ್ಟರಲ್ಲಿ ವಾರ್ಷಿಕ ಸಭೆ ಬಂತು, ಕಮಿಟಿ ಬದಲಾಯಿತು. ಹೊಸ ಕಾರ್ಯದರ್ಶಿಗಳು “ಯಾವ ಮೀಟರು? ನಮ್ಮ ಗಮನಕ್ಕೆ ಬಂದಿಲ್ಲವಲ್ಲ” ಅಂದರು. ಮೀಟರ್ ಬಿಚ್ಚಬೇಕೆಂದರೆ ಬ್ಲಾಕಿನ ನೀರು ನಿಲ್ಲಿಸಬೇಕು, ಆ ಜಾಗಕ್ಕೆ ಪೈಪಿನ ತುಂಡು ಕೂರಿಸಬೇಕು, ಪ್ಲಂಬರಿಗೆ ದುಡ್ಡು ಕೊಡಬೇಕು. ಯಾರು ಕೊಡಬೇಕು ಅಂತ ಆ ಹೆಬ್ಬೆಟ್ಟು ಹೇಳಿರಲಿಲ್ಲ.

ಹಾಗಾಗಿ ಮೀಟರ್ ಅಲ್ಲೇ ಇವೆ. ರಾತ್ರಿ ಎರಡರಿಂದ ನಾಲ್ಕರವರೆಗೆ ಯಾವ ಮನೆಯ ಲೆಕ್ಕ ಸೊನ್ನೆಗೆ ಇಳಿಯುವುದಿಲ್ಲವೋ ಅಲ್ಲಿ ಎಲ್ಲೋ ಸೋರುತ್ತಿದೆ ಅಂತ ಅರ್ಥ. ನಮ್ಮ ಅಂಕಲ್ ದಿನಾ ಬೆಳಿಗ್ಗೆ ಅದನ್ನು ನೋಡಿ ಬ್ಲಾಕಿನ ಗ್ರೂಪಿನಲ್ಲಿ ಸಂಬಂಧಪಟ್ಟವರ ಮಾನ ಹರಾಜು ಹಾಕುತ್ತಾರೆ. ಒಳ್ಳೆ ಉಪಯೋಗವೇ. ಸರ್ವರಿನ ಬಿಲ್ಲು ಮಾತ್ರ ಆ ಹುಡುಗನೇ ಕಟ್ಟುತ್ತಾನೆ. ಒಂದು ತಿಂಗಳು ಕಟ್ಟದೆ ಆ್ಯಪ್ ನಿಂತಾಗ ನಮ್ಮವರು ಫೋನ್ ಮಾಡಿ ಬಯ್ದರು: “ಏನ್ರೀ ನಿಮ್ಮ ಸರ್ವಿಸು!”

ಇದನ್ನು ನೋಡಿ ನಗು ಬರುವುದು ನಿಂತಿದೆ. ಒಬ್ಬ ಸಾಲ ಮಾಡಿ ತಂದ ಮಾಲನ್ನು ಬಿಟ್ಟಿ ಬಳಸಿಕೊಂಡು ಹೌದು ಅಂತಲೂ ಅನ್ನದೆ, ಇಲ್ಲ ಅಂತಲೂ ಅನ್ನದೆ ಕೂರುವುದಕ್ಕೆ ಕನ್ನಡದಲ್ಲಿ ಸಭ್ಯವಾದ ಹೆಸರಿಲ್ಲ.

ಹುಡುಗ ಈಗ ಬುದ್ಧಿ ಕಲಿತಿದ್ದಾನೆ. ಮೊನ್ನೆ ಸಿಕ್ಕಾಗ ಒಂದೇ ಒಂದು ಹಾಳೆ ತೋರಿಸಿದ. ಶುರುವಾಗುವ ದಿನ, ಮುಗಿಯುವ ದಿನ. ಪಕ್ಕದ ಬ್ಲಾಕಿನ ಇಳಿತ ಕಳೆದ ಮೇಲೆ ಎಷ್ಟು ಉಳಿಯಬೇಕು, ಎಷ್ಟು ವರ್ಷದಲ್ಲಿ ದುಡ್ಡು ವಾಪಸ್ ಬರಬೇಕು, ಆ ಲೆಕ್ಕಕ್ಕೆ ಟ್ಯಾಂಕರಿನ ಯಾವ ದರ ಹಿಡಿಯಬೇಕು. ಮುಗಿದ ಹತ್ತು ದಿನದೊಳಗೆ ಯಾವ ತಾರೀಖು ಸಭೆ, ಅಲ್ಲಿ ಯಾರು ಸಹಿ ಹಾಕುತ್ತಾರೆ. ಪಾಸಾದರೆ ಮಿಕ್ಕ ಬ್ಲಾಕುಗಳಿಗೆ ಈಗಲೇ ಒಪ್ಪಿದ ದರ. ಫೇಲಾದರೆ ಮೀಟರ್ ಅವನು ಒಯ್ಯುತ್ತಾನೆ, ಪ್ಲಂಬರ್ ಕೂಲಿ ಕಮಿಟಿಯದ್ದು. ಕೊನೆಗೆ 50,000 ರೂಪಾಯಿ ಮುಂಗಡ, ಆರ್ಡರ್ ಕೊಟ್ಟರೆ ಬಿಲ್ಲಿನಲ್ಲಿ ಮುರಿದುಕೊಳ್ಳುವುದು.

“ಮುಂಗಡ ಅಂದ ತಕ್ಷಣ ಅರ್ಧ ಜನ ಫೋನ್ ಇಟ್ಟುಬಿಡ್ತಾರೆ ಸರ್” ಅಂದ.

ಇಡಲಿ ಬಿಡು ಮಾರಾಯ, ಅವರು ಆರ್ಡರ್ ಕೊಡೋರಾಗಿದ್ದರಾ?