ಒಟ್ಟು 79 ಚೀಲ ತೊಗರಿ

ಕಲಬುರಗಿಯಲ್ಲಿ ಜೂನ್ ಬಂದರೆ ಮಳೆ ಬರುತ್ತದೋ ಇಲ್ಲವೋ, ಶಾಲೆಗಳ ಫ್ಲೆಕ್ಸ್ ಮಾತ್ರ ತಪ್ಪದೆ ಬರುತ್ತವೆ. ಟೈ ಕಟ್ಟಿದ ಮಗು, ಹಿಂದೆ ಒಂದು ಗ್ಲೋಬು, ಮೇಲೆ ದಪ್ಪಕ್ಷರದಲ್ಲಿ ‘ಇಂಟರ್‌ನ್ಯಾಷನಲ್’. ಶಾಲೆ ಇಂಟರ್‌ನ್ಯಾಷನಲ್ ಆದರೂ ಅದರ ಬಸ್ಸು ಶಹಾಬಾದ್ ದಾಟಿ ಹೋಗೋದಿಲ್ಲ. ಇರಲಿ, ಡೀಸೆಲ್ ರೇಟು ಹಾಗಿದೆ.

ಇಂಥ ಒಂದು ಶಾಲೆಯಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡ. ದಂಡ ಹಾಕುವ ಟೀಚರಿಗೂ ಇಂಗ್ಲಿಷಿನಲ್ಲಿ ಬೈಯೋದು ಅಷ್ಟು ಸಲೀಸಲ್ಲ. ಹಾಗಾಗಿ, “ಏ, ಯಾಕಲೇ ಕನ್ನಡ ಮಾತಾಡ್ಲತಿ? ತಗಿ ಹತ್ತು ರೂಪಾಯಿ!” ಎಂದು ಅಪ್ಪಟ ಕಲಬುರಗಿ ಕನ್ನಡದಲ್ಲೇ ವಸೂಲಿ ನಡೆಯುತ್ತದೆ. ಟೀಚರಿಗೆ ದಂಡ ಇಲ್ಲ. ಈ ನಿಯಮ ಬಂದ ಮೇಲೆ ತರಗತಿ ಎಷ್ಟು ಶಾಂತವಾಗಿದೆ ಅಂದರೆ, ನೋಡಲು ಬಂದ ಪೋಷಕರು ‘ಏನು ಶಿಸ್ತು!’ ಎಂದು ತಲೆದೂಗುತ್ತಾರೆ. ಬರುವ ಭಾಷೆಯಲ್ಲಿ ಮಾತಾಡುವಂತಿಲ್ಲ, ಮಾತಾಡಬೇಕಾದ ಭಾಷೆ ಬರೋದಿಲ್ಲ. ಮಕ್ಕಳು ಮತ್ತೇನು ಮಾಡಬೇಕು? ಸುಮ್ನೆ ಕೂತಿವೆ.

ಆ ಶಾಲೆಯ ನಾಲ್ಕನೇ ತರಗತಿಯ ಹುಡುಗನೊಬ್ಬ ನಮ್ಮ ಓಣಿಯಲ್ಲಿದ್ದಾನೆ. ಅವರಪ್ಪನ ಹೊಲ ಜೇವರ್ಗಿ ಕಡೆ, ಬೆಳೆಯೋದು ತೊಗರಿ. ಒಂದು ಸಂಜೆ ಹುಡುಗ ಗಣಿತದ ಪುಸ್ತಕ ಹಿಡಿದು ಬಂದ. ಇಂಗ್ಲಿಷಿನಲ್ಲಿದ್ದ ಲೆಕ್ಕದ ಸಾರ ಇಷ್ಟು: ಒಬ್ಬ ರೈತ 18 ಕ್ವಿಂಟಲ್ ತೊಗರಿ ಬೆಳೆದ. 11 ಕ್ವಿಂಟಲ್ ಮಾರಿದ. ಉಳಿದದ್ದನ್ನು 50 ಕಿಲೋ ಹಿಡಿಯುವ ಚೀಲಗಳಲ್ಲಿ ತುಂಬಿಟ್ಟ. ಎಷ್ಟು ಚೀಲ ಬೇಕು?

ಹುಡುಗ ಲೆಕ್ಕವನ್ನು ಪಟಪಟನೆ ಓದಿದ. ಒಂದು ಕಡೆಯೂ ತಡವರಿಸಲಿಲ್ಲ. ಓದಿ ಮುಗಿಸಿ ನನ್ನ ಮುಖ ನೋಡಿ ಕೇಳಿದ: “ಕಾಕಾ, ಇದು ಕೂಡಿಸೋದಾ, ಕಳೆಯೋದಾ?” ನಾನು ಬಾಯಿ ಬಿಡುವ ಮೊದಲೇ ಕೂಡಿಸಿಬಿಟ್ಟ. ಹದಿನೆಂಟು, ಹನ್ನೊಂದು, ಐವತ್ತು. 79 ಚೀಲ. ಉತ್ತರದ ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆಯನ್ನೂ ಎಳೆದ. ಗೆರೆ ಬಹಳ ನೀಟಾಗಿತ್ತು.

ನಾನು ಅದೇ ಲೆಕ್ಕವನ್ನು ಕನ್ನಡದಲ್ಲಿ ಕೇಳಿದೆ. ಪೆನ್ನನ್ನೇ ಮುಟ್ಟಲಿಲ್ಲ ಹುಡುಗ. “ಏಳು ಕ್ವಿಂಟಲ್ ಉಳೀತದ. ಕ್ವಿಂಟಲ್‌ಗೆ ಎರಡು ಚೀಲ. ಹದಿನಾಲ್ಕು.” ಆಮೇಲೆ ನನ್ನ ಮೇಲೆ ಕನಿಕರ ಬಂದವನಂತೆ ಸೇರಿಸಿದ: “ಆದ್ರ ಕಾಕಾ, ಬೀಜಕ್ಕ ಒಂದಿಷ್ಟು ಬ್ಯಾರೆ ಇಡಬೇಕಲ್ಲ? ಅದನ್ನ ಬರ್ದೇ ಇಲ್ಲ ಇವ್ರು.”

ಈ ಹುಡುಗನಿಗೆ ಗಣಿತದಲ್ಲಿ ನೂರಕ್ಕೆ 31 ಬಂದಿದೆ. ‘ಮ್ಯಾಥ್ಸ್ ವೀಕ್’ ಎಂದು ಅಂಕಪಟ್ಟಿಯಲ್ಲಿ ಬರೆದಿದ್ದಾರೆ. ಅವರಪ್ಪ ಟ್ಯೂಷನ್ ಹುಡುಕುತ್ತಿದ್ದಾರೆ. ಟ್ಯೂಷನ್ನೂ ಇಂಗ್ಲಿಷ್ ಮಾಧ್ಯಮದ್ದೇ.

ಓದು ಅನ್ನುವುದರ ಬಗ್ಗೆ 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬಿಬ್ಬರು ಒಂದು ಸರಳ ಸೂತ್ರ ಕೊಟ್ಟರು. ಅಕ್ಷರ ಬಿಡಿಸಿ ಓದುವ ಸಾಮರ್ಥ್ಯ ಒಂದು. ಅದೇ ಮಾತನ್ನು ಯಾರಾದರೂ ಹೇಳಿದರೆ ಕಿವಿಯಲ್ಲಿ ಕೇಳಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯ ಇನ್ನೊಂದು. ಓದಿ ತಿಳಿಯುವುದು ಎಂದರೆ ಈ ಎರಡರ ಗುಣಾಕಾರ. ಗುಣಾಕಾರ, ಸಂಕಲನ ಅಲ್ಲ ಎನ್ನುವುದೇ ಇಲ್ಲಿ ಮುಖ್ಯ. ಒಂದು ಕಡೆ ಸೊನ್ನೆ ಇದ್ದರೆ ಇನ್ನೊಂದು ಕಡೆ ಎಷ್ಟೇ ಇರಲಿ, ಉತ್ತರ ಸೊನ್ನೆ. ನಮ್ಮ ಹುಡುಗನಿಗೆ ಅಕ್ಷರ ಬಿಡಿಸೋದು ಚೆನ್ನಾಗಿ ಬರುತ್ತದೆ. ಇಂಗ್ಲಿಷ್ ಮಾತು ಕೇಳಿ ತಿಳಿಯೋದು ಸೊನ್ನೆಗೆ ಬಹಳ ಹತ್ತಿರ. ಆದರೆ ಪೋಷಕರಿಗೆ ಕೇಳಿಸೋದು ಮೊದಲನೆಯದು ಮಾತ್ರ. ಪಟಪಟ ಓದುತ್ತಾನೆ, ಅಷ್ಟು ಸಾಕು. ಶಾಲೆಯ ವಾರ್ಷಿಕೋತ್ಸವದಲ್ಲೂ ಪ್ರದರ್ಶನಕ್ಕಿಡೋದು ಅದನ್ನೇ.

“ಹಂಗೇನಿಲ್ರಿ, ಮೇ ಐ ಕಮ್ ಇನ್ ಅಂತಾನ, ಥ್ಯಾಂಕ್ಯೂ ಅಂತಾನ, ಮನಿಗಿ ಬಂದವ್ರಿಗೆ ವಾಟ್ ಈಸ್ ಯುವರ್ ನೇಮ್ ಅಂತಾನ” ಎನ್ನುತ್ತಾರೆ ಅವರಪ್ಪ. ನಿಜ, ಅನ್ನುತ್ತಾನೆ. ಕೆನಡಾದ ಜಿಮ್ ಕಮ್ಮಿನ್ಸ್ ಎಂಬ ಭಾಷಾವಿದ್ವಾಂಸರು ಈ ಮೋಸವನ್ನೇ ಹಿಡಿದರು. ವಲಸೆ ಬಂದ ಮಕ್ಕಳು ಸುಮಾರು ಎರಡು ವರ್ಷಕ್ಕೆ ಇಂಗ್ಲಿಷಿನಲ್ಲಿ ಆಟ ಆಡಿಕೊಂಡು, ಹರಟೆ ಹೊಡೆದುಕೊಂಡು ಇರುತ್ತವೆ. ಅದನ್ನು ಕಂಡ ಶಾಲೆಯವರು ‘ಇಂಗ್ಲಿಷ್ ಬಂತು’ ಎಂದುಕೊಳ್ಳುತ್ತಾರೆ. ಆದರೆ ಪಾಠದ ಇಂಗ್ಲಿಷಿನಲ್ಲಿ, ಅಂದರೆ ಕಾರಣ ಹೇಳುವ, ಹೋಲಿಸುವ, ಲೆಕ್ಕ ಬಿಡಿಸುವ ಇಂಗ್ಲಿಷಿನಲ್ಲಿ ಓರಗೆಯವರ ಮಟ್ಟ ಮುಟ್ಟಲು ಐದರಿಂದ ಏಳು ವರ್ಷ ಹಿಡಿಯಿತು. ಅದೂ ಬೀದಿಯಲ್ಲಿ, ಅಂಗಡಿಯಲ್ಲಿ, ಟಿವಿಯಲ್ಲಿ ಇಂಗ್ಲಿಷೇ ತುಂಬಿರುವ ದೇಶದಲ್ಲಿ. ನಮ್ಮ ಹುಡುಗನಿಗೆ ಇಂಗ್ಲಿಷ್ ಸಿಗೋದು ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ. ಮಧ್ಯೆ ಟೀಚರು ದಂಡ ವಸೂಲಿ ಮಾಡುವ ಹೊತ್ತನ್ನು ಕಳೆಯಬೇಕು.

ಇಷ್ಟೆಲ್ಲ ಹೇಳಿದರೆ ಅವರಪ್ಪ ಕೊನೆಗೆ ಒಂದೇ ಮಾತಿಗೆ ಬರುತ್ತಾರೆ: “ಕನ್ನಡ ಮನ್ಯಾಗ ಬರ್ತದ್ರಿ. ಇಂಗ್ಲಿಷ್ ಸಾಲ್ಯಾಗ ಕಲೀಲಿ. ನಾಳಿ ನೌಕರಿ ಯಾರು ಕೊಡ್ತಾರ?” ಈ ಮಾತನ್ನು ನಾನು ಗೇಲಿ ಮಾಡಲಾರೆ. ಇಂಗ್ಲಿಷ್ ಬೇಕು ಅನ್ನೋದು ಸರಿ. ಎಡವಟ್ಟು ಇರೋದು ಇಂಗ್ಲಿಷನ್ನು ಕಲಿಯೋದಕ್ಕೂ ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಲಿಯೋದಕ್ಕೂ ವ್ಯತ್ಯಾಸವೇ ಇಲ್ಲ ಅಂದುಕೊಳ್ಳುವಲ್ಲಿ.

ಈ ವ್ಯತ್ಯಾಸವನ್ನು ನೈಜೀರಿಯಾದವರು 1970ರಲ್ಲೇ ಪರೀಕ್ಷೆ ಮಾಡಿ ನೋಡಿದರು. ಇಫೆ ಎಂಬ ಊರು, ಅಲ್ಲಿನ ಭಾಷೆ ಯೊರೂಬಾ. ಬಾಬ್ಸ್ ಫಫೂನ್ವಾ ಎಂಬ ಪ್ರೊಫೆಸರ್ ನೇತೃತ್ವ. ಅಲ್ಲಿ ಮೊದಲಿನಿಂದ ಇದ್ದ ಪದ್ಧತಿ ಹೀಗೆ: ಮೊದಲ ಮೂರು ವರ್ಷ ಯೊರೂಬಾ, ಆಮೇಲೆ ಎಲ್ಲ ಪಾಠ ಇಂಗ್ಲಿಷಿನಲ್ಲಿ. ಒಂದು ಗುಂಪನ್ನು ಹಾಗೇ ಬಿಟ್ಟರು. ಇನ್ನೊಂದು ಗುಂಪಿಗೆ ಆರೂ ವರ್ಷ ಗಣಿತ, ವಿಜ್ಞಾನ, ಸಮಾಜ ಎಲ್ಲ ಯೊರೂಬಾದಲ್ಲಿ. ಇಂಗ್ಲಿಷನ್ನು ಒಂದು ವಿಷಯವಾಗಿ ಮಾತ್ರ ಕಲಿಸಿದರು, ಆದರೆ ಅದಕ್ಕೆ ಇಂಗ್ಲಿಷ್ ಚೆನ್ನಾಗಿ ಬಲ್ಲ ಪ್ರತ್ಯೇಕ ಶಿಕ್ಷಕರನ್ನು ಇಟ್ಟರು. ಆರು ವರ್ಷದ ನಂತರ ಪರೀಕ್ಷೆ ಮಾಡಿದರೆ ಯೊರೂಬಾದಲ್ಲಿ ಕಲಿತವರು ಎಲ್ಲ ವಿಷಯಗಳಲ್ಲೂ ಮುಂದಿದ್ದರು. ಇಂಗ್ಲಿಷಿನಲ್ಲೂ!

ಆ ಪ್ರತ್ಯೇಕ ಇಂಗ್ಲಿಷ್ ಶಿಕ್ಷಕರನ್ನು ಮಾತ್ರ ಮರೆಯಬೇಡಿ. ನಮ್ಮ ಕನ್ನಡ ಪ್ರೇಮಿಗಳು ಇಫೆ ಕಥೆ ಹೇಳುವಾಗ ಅದನ್ನು ಬಿಟ್ಟು ಹೇಳುತ್ತಾರೆ. ಇಂಗ್ಲಿಷ್ ಮಾಧ್ಯಮದವರು ಕಥೆಯನ್ನೇ ಬಿಡುತ್ತಾರೆ. ನಮ್ಮ ಸರ್ಕಾರಿ ಶಾಲೆಗಳಲ್ಲೂ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಕಲಿಸೋದು ಯಾರು ಅಂದರೆ, ಗಣಿತ, ಪರಿಸರ ಅಧ್ಯಯನ ಕಲಿಸಿ, ಬಿಸಿಯೂಟದ ಲೆಕ್ಕ ಬರೆದು, ಚುನಾವಣೆ ಬಂದರೆ ಮತದಾರರ ಪಟ್ಟಿ ಹಿಡಿದು ಓಡುವ ಅದೇ ಮೇಷ್ಟ್ರು. ಚೆನ್ನಾಗಿ ಇಂಗ್ಲಿಷ್ ಕಲಿಸುವ ಕನ್ನಡ ಶಾಲೆ ಅನ್ನೋ ಮೂರನೇ ದಾರಿಯನ್ನು ಪೋಷಕರು ತಿರಸ್ಕರಿಸಿದ್ದಾರೆ ಅನ್ನೋ ಹಾಗೇ ಇಲ್ಲ. ತೋರಿಸಿದ್ದರೆ ತಾನೇ?

ಸರ್ಕಾರದ ಕಥೆ ಇನ್ನೂ ಸೊಗಸು. 1994ರಲ್ಲಿ ಆದೇಶ ಹೊರಟಿತು: ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ. ಕೆಲವು ಖಾಸಗಿ ಶಾಲೆಗಳು ಕನ್ನಡ ಮಾಧ್ಯಮ ಎಂದು ಅನುಮತಿ ಪಡೆದು, ಒಳಗೆ ಇಂಗ್ಲಿಷಿನಲ್ಲಿ ಪಾಠ ಮಾಡಿದವು. ಕೊನೆಗೆ 2014ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮಾತೃಭಾಷೆಯನ್ನು ಸರ್ಕಾರ ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸೋದು ತಂದೆತಾಯಿ ಅಥವಾ ಪೋಷಕರು ಎಂದಿತು. ಇದನ್ನು ಓದಿದ ಮೇಲೆ ನಮ್ಮ ಓಣಿಯ ಪೋಷಕರಿಗೆಲ್ಲ ಧೈರ್ಯ ಬಂದಿದೆ. ಅವ್ವ ಜೋಗುಳ ಹಾಡಿದ್ದು ಕನ್ನಡದಲ್ಲಿ, ಬೈದದ್ದು ಕನ್ನಡದಲ್ಲಿ, ಆದರೂ ಅಪ್ಪ ಮನಸ್ಸು ಮಾಡಿದರೆ ಹುಡುಗ ಇಂಗ್ಲಿಷಿನವ! 2019ರಲ್ಲಿ ಸರ್ಕಾರವೂ ಸೋಲೊಪ್ಪಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಅದೇ ವರ್ಷ ನವೆಂಬರ್ 1ರಂದು ಧ್ವಜ ಏರಿಸಿದ್ದೂ ಅದೇ ಸರ್ಕಾರಿ ಮೈದಾನಗಳಲ್ಲಿ.

ಹಾಗಂತ ಕನ್ನಡ ಮಾಧ್ಯಮ ಅಂದಕೂಡಲೇ ಎಲ್ಲ ಸರಿಯಾಗುತ್ತದೆ ಅನ್ನೋದೂ ಫ್ಲೆಕ್ಸಿನ ಮಾತೇ. ಕ್ಯಾಮರೂನಿನಲ್ಲಿ ಕೊಮ್ ಎಂಬ ಭಾಷೆಯಲ್ಲಿ 12 ಶಾಲೆಗಳ ಮಕ್ಕಳಿಗೆ ಮೊದಲ ಮೂರು ವರ್ಷ ಪಾಠ ಮಾಡಿದರು. ಮಕ್ಕಳು ಬಹಳ ಮುಂದೆ ಹೋದರು. ನಾಲ್ಕನೆಯ ವರ್ಷ ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿದರು. ಐದನೆಯ ತರಗತಿಯ ಹೊತ್ತಿಗೆ ಆ ಮುನ್ನಡೆ ಬಹಳಷ್ಟು ಕರಗಿತ್ತು. ನಮ್ಮ ಲಿಪಿಗೆ ಇನ್ನೂ ಸಮಯ ಬೇಕು. ಕನ್ನಡದ ಮಕ್ಕಳು ಅಕ್ಷರ ಕಲಿಯೋದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರ ಪ್ರಕಾರ, ಕಾಗುಣಿತ, ಒತ್ತಕ್ಷರ ಎಲ್ಲ ಕೈಗೆ ಹತ್ತಲು ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ. ಅಂದರೆ ಓದು ಹಗುರವಾಗಿ, ಮನಸ್ಸು ಅರ್ಥದ ಕಡೆ ತಿರುಗುವ ಹೊತ್ತಿಗೆ ಸರಿಯಾಗಿ ನಾವು ಮಗುವನ್ನು ಎತ್ತಿ ಬೇರೆ ಶಾಲೆಗೆ ಹಾಕುತ್ತೇವೆ. “ನಾಲ್ಕರ ತನಕ ಕನ್ನಡದಾಗ ಓದ್ಸಿದ್ವಿ, ಏನೂ ಉಪಯೋಗ ಆಗ್ಲಿಲ್ರಿ” ಎನ್ನುತ್ತೇವೆ.

ಇನ್ನು ಇಲ್ಲಿಯ ತಾಂಡಾಗಳ ಮಕ್ಕಳಿಗೆ ಮನೆಮಾತು ಲಂಬಾಣಿ. ಬೀದರಿನ ಎಷ್ಟೋ ಮನೆಗಳಲ್ಲಿ ಮರಾಠಿ ಅಥವಾ ಉರ್ದು, ಸೇಡಂ ಗಡಿಯಲ್ಲಿ ತೆಲುಗು. ಕನ್ನಡ ಮನೆಯ ಹುಡುಗನಿಗೂ ‘ಮಾಡುತ್ತಿದ್ದಾನೆ’ ಅನ್ನೋದು ಪುಸ್ತಕದಲ್ಲೇ ಮೊದಲು ಸಿಗೋದು. ಮನೆಯಲ್ಲಿ ‘ಮಾಡ್ಲತಾನ’. ಹಾಗೆ ಬರೆದರೆ ಮೇಷ್ಟ್ರು ಕೆಂಪು ಗೆರೆ ಹಾಕುತ್ತಾರೆ. ಲಂಬಾಣಿ ಹುಡುಗಿ ಮೊದಲ ದಿನ ಮೂಲೆಯಲ್ಲಿ ಮುದುಡಿ ಕೂತರೆ ‘ಮಂದ’ ಎನ್ನುತ್ತಾರೆ. ಮಾತೃಭಾಷೆಯ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವವರಿಗೂ ಅವಳಿಗೆ ಒಬ್ಬ ಅವ್ವ ಇದ್ದಾಳೆ, ಅವಳು ಮಾತಾಡುತ್ತಾಳೆ ಅನ್ನೋದು ನೆನಪಾಗೋದು ಕಡಿಮೆ.

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಫಲಿತಾಂಶ ಬಂದ ಕೂಡಲೇ ಸಭೆ, ನೋಟಿಸು, ಹತ್ತನೇ ತರಗತಿಗೆ ವಿಶೇಷ ಕ್ಲಾಸು. ಇದಕ್ಕೆ ಕಾರಣ ಹತ್ತಾರು, ಭಾಷೆ ಒಂದೇ ಅಲ್ಲ. ಆದರೆ ಎರಡನೇ ತರಗತಿಯಲ್ಲಿ ಅರ್ಥವಾಗದೆ ಹೋದದ್ದನ್ನು ಹತ್ತನೇ ತರಗತಿಯ ಫೆಬ್ರವರಿಯಲ್ಲಿ ಹುಡುಕುವ ಆಟ ಮಾತ್ರ ಪ್ರತಿ ವರ್ಷ ನಡೆಯುತ್ತದೆ.

ನಿಮ್ಮ ಮಗುವಿಗೆ ಪಾಠ ತಿಳಿಯಿತೋ ಇಲ್ಲವೋ ನೋಡಲು ಖರ್ಚಿಲ್ಲದ ಉಪಾಯ ಒಂದಿದೆ. ಪುಸ್ತಕ ಮುಚ್ಚಿಸಿ, ಪಾಠದಲ್ಲಿ ಏನಿತ್ತು ಅಂತ ಅದಕ್ಕೆ ಬೇಕಾದ ಭಾಷೆಯಲ್ಲಿ ಹೇಳಿಸಿ. ಹೇಳಿದರೆ ಸರಿ. ಇಂಗ್ಲಿಷಿನಲ್ಲಿ ಅಕ್ಷರ ತಪ್ಪದೆ ಹೇಳಿ, ಕನ್ನಡದಲ್ಲಿ ಕೇಳಿದಾಗ ಕಣ್ಣು ಪಿಳಿಪಿಳಿ ಬಿಟ್ಟರೆ ಅದು ಬಾಯಿಪಾಠ. ಹುಡುಗನ ಅಪ್ಪ ಈ ಪರೀಕ್ಷೆ ಮಾಡಿ, ಮರುದಿನ ಶಾಲೆಗೆ ಹೋಗಿ ಹೆಡ್‌ ಮಿಸ್ಸನ್ನು ಕೇಳಿದರಂತೆ. ಅವರು ಬಹಳ ಸಮಾಧಾನದಿಂದ ಹೇಳಿದರಂತೆ: “ಸರ್, ನೀವು ಪುಸ್ತಕ ಮುಚ್ಚಿಸಿ ಯಾಕ್ರಿ ಕೇಳ್ತೀರಿ? ಪರೀಕ್ಷೆದಾಗ ಹಂಗ ಬರಂಗಿಲ್ಲ. ನೋಟ್ಸ್‌ನಾಗ ಇದ್ದಂಗೇ ಬರ್ತದ. ಹಿಂಗ ಕೇಳಿದ್ರ ಮಗು ಕನ್‌ಫ್ಯೂಸ್ ಆಗ್ತದ.”